ಅಪ್ಪ ತಂದ ಹೊಸ ಮಾತು

ಜೂನ್ ಮೊದಲ ವಾರದ ಸೋಮವಾರ, ಬೆಳಗಿನ ಐದೂಮುಕ್ಕಾಲು. ನಮ್ಮೂರು ಚಾಮರಾಜನಗರ ಜಿಲ್ಲೆಯಾಗಲು ಇನ್ನೂ ಒಂದೆರಡು ವರ್ಷ ಬಾಕಿಯಿತ್ತು. ಹಾಜರಿದ್ದವರು: ಅಪ್ಪ ರಾಚಯ್ಯ, ಅಮ್ಮ ಚಿಕ್ಕತಾಯಮ್ಮ, ಅಜ್ಜಿ ಕೆಂಪಮ್ಮ, ಅಕ್ಕ ಜಯ, ಮತ್ತೆ ನಾನು. ಅಪ್ಪ ಊರು ಗುಡಿಸುವವರ ಮೇಸ್ತ್ರಿ. ದಿನಾ ಬೆಳಗಿನ ಜಾವ ಕೆಲಸದವರ ಹಾಜರಿ ಕೂಗಿ ಅಭ್ಯಾಸವಾಗಿದ್ದವನು ಮನೆಯಲ್ಲೂ ಅದನ್ನೇ ಮಾಡುತ್ತಿದ್ದ. ಎದ್ದವರು ಚಾಪೆ ಸುತ್ತಿ ಗೋಡೆಗೆ ನಿಲ್ಲಿಸಿ, ಮುಖ ತೊಳೆದು, ಒಲೆಯ ಮುಂದೆ ಬಂದು ನಿಂತರೆ ಹಾಜರಿ. ಆಮೇಲೆ ಕಾಫಿ. ನಾನು ಈಗಲೂ ಹೀಗೇ ಬದುಕುತ್ತೇನೆ. ಬೇರೆ ರೀತಿ ನನಗೆ ಗೊತ್ತಿಲ್ಲ. ಅಮ್ಮನೂ ಅಪ್ಪನ ಕೈಕೆಳಗೆ ಊರು ಗುಡಿಸುವವಳೇ; ಆವತ್ತು ಮಾತ್ರ ಕೆಲಸದ ನೀಲಿ ಕೋಟು ಹಾಕಿರಲಿಲ್ಲ. ತವರಿಂದ ಬಂದಿದ್ದ ಹಸಿರು ಸೀರೆ ಉಟ್ಟಿದ್ದಳು. ಅಕ್ಕನನ್ನು ಗುಂಡ್ಲುಪೇಟೆಯ ಸಣ್ಣತ್ತೆಯ ಮನೆಗೆ ಬಿಟ್ಟುಬರುವ ದಿನ ಅದು. ಹತ್ತನೇ ಕ್ಲಾಸನ್ನು ಅಲ್ಲೇ ಓದಬೇಕು. ಇಲ್ಲಿಯ ಸ್ಕೂಲಿಗೆ ಇನ್ನು ಕಾಲಿಡುವುದಿಲ್ಲ ಎಂದು ಅವಳು ಬೇಸಿಗೆಯುದ್ದಕ್ಕೂ ಹಟ ಹಿಡಿದಿದ್ದಳು. ಓದು ಬಿಟ್ಟರೆ ಅವಳ ಕೈಗೂ ಪೊರಕೆ ಬರುತ್ತದೆ ಅನ್ನುವುದು ಮನೆಯ ಐದೂ ಜನಕ್ಕೆ ಗೊತ್ತಿತ್ತು. ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಅವಳನ್ನು ಓಡಿಸಿದ್ದು ಒಂದು ಮರ್ಯಾದೆಯ ಮಾತು. ಅದನ್ನು ನಮ್ಮ ಮನೆಗೆ ತಂದವನು ಅಪ್ಪ.

ಅದಕ್ಕೂ ಮುಂಚಿನ ಮಾತುಗಳು ಅಜ್ಜಿಯ ಬಾಯಲ್ಲಿದ್ದವು. ಅಜ್ಜಿ ಹರದನಹಳ್ಳಿಯವಳು. ಮದುವೆಯಾಗಿ ಪೇಟೆಗೆ ಬಂದ ಮೇಲೆ ಹಿತ್ತಿಲ ಓಣಿಗಳಲ್ಲಿ ಕಕ್ಕಸು ಬಳಿದು, ಬುಟ್ಟಿಯಲ್ಲಿ ಹೊತ್ತವಳು. ಆ ಹೊರುವ ಕೆಲಸ ನಾನು ಹುಟ್ಟುವ ಹೊತ್ತಿಗೆ ನಿಂತಿತ್ತು. ಆ ಕಾಲದಲ್ಲಿ ಓಣಿಯ ಬಾಯಲ್ಲಿ ನಿಂತು "ತೋಟಿ ಬಂದವ್ಳೆ" ಎಂದು ಕೂಗಬೇಕಿತ್ತಂತೆ. ಕೂಗು ಕೇಳಿದ ಕೂಡಲೇ ಹಿತ್ತಿಲಲ್ಲಿದ್ದ ಹೆಂಗಸರು ಒಣಹಾಕಿದ್ದ ಬಟ್ಟೆ ಎಳೆದುಕೊಂಡು ಒಳಗೆ ಹೋಗುತ್ತಿದ್ದರಂತೆ. ಅಜ್ಜಿಗೆ ಆ ಮಾತಿನ ಮೇಲೆ ಸಿಟ್ಟಿರಲಿಲ್ಲ. ಅವಳ ಅಪ್ಪನ ಕಾಲಕ್ಕೆ ತೋಟಿ ಅಂದರೆ ಊರಿನ ಒಂದು ಕೆಲಸದ ಹೆಸರು. ಊರಿನ ಗಡಿ ಬಲ್ಲವನು, ಸುದ್ದಿ ಮುಟ್ಟಿಸುವವನು, ಸುಗ್ಗಿಯಲ್ಲಿ ಕಣದಿಂದ ಪಾಲು ಪಡೆಯುವವನು. ಬೈಗುಳವಾಗಿ ಹುಟ್ಟಿದ ಮಾತಲ್ಲ ಅದು. ಊರವರು ಬೇಡವಾದ ಕೆಲಸವನ್ನೆಲ್ಲ ಅವನ ತಲೆಗೆ ಕಟ್ಟುತ್ತ ಹೋದರು, ಹೆಸರು ಆ ಕೆಲಸದ ವಾಸನೆ ಹಿಡಿಯುತ್ತ ಹೋಯಿತು. ಕೊನೆಗೆ ಶಾಲೆಗೆ ಹೋಗುವ ಹುಡುಗರು ಒಬ್ಬರಿಗೊಬ್ಬರು ಬೈದುಕೊಳ್ಳಲು ಅದನ್ನು ಎತ್ತಿಕೊಂಡರು. ಆಗ ಕಚೇರಿಯವರು ಉತ್ತರದ ಕಡೆಯಿಂದ "ಜಾಡಮಾಲಿ" ಎಂಬ ಮಾತು ತಂದರು. ಪೊರಕೆ ಹಿಡಿದ ಮಾಲಿಯಂತೆ. ತೋಟದ ಮಾಲಿಯ ಮರ್ಯಾದೆಯನ್ನು ಸ್ವಲ್ಪ ಕಡ ಕೊಟ್ಟ ಹಾಗೆ. ಅರ್ಥ ಯಾರಿಗೂ ತಿಳಿಯದಿದ್ದಷ್ಟು ದಿನ ಅದು ಚೊಕ್ಕಟವಾಗಿತ್ತು. ನನಗೆ ಬುದ್ಧಿ ಬರುವ ವೇಳೆಗೆ ಅದೂ ಜಗಳದಲ್ಲಿ ಎಸೆಯುವ ಕಲ್ಲಾಗಿತ್ತು.

ಆಗ ಅಪ್ಪ ಮೈಸೂರಿನಲ್ಲಿ ಕೆಲಸದವರ ಸಭೆಗೆ ಹೋಗಿ ಬಂದ. ಬರುವಾಗ ಮೈಸೂರು ಪಾಕು ತರಲಿಲ್ಲ, ಒಂದು ಮಾತು ತಂದ. ಚಪ್ಪಲಿ ಬಿಡುವ ಮುಂಚೆಯೇ ನಮ್ಮನ್ನೆಲ್ಲ ಒಲೆಯ ಮುಂದೆ ನಿಲ್ಲಿಸಿದ.

"ಇವತ್ತಿಂದ ಈ ಮನೇಲಿ ಜಾಡಮಾಲಿ ಅನ್ನಂಗಿಲ್ಲ. ತೋಟಿ ಅಂತೂ ಅನ್ನಲೇಬಾರ್ದು. ಪೌರಕಾರ್ಮಿಕ. ಎಲ್ಲಿ, ಹೇಳಿ."

"ಏನ್ಲಾ ಅದು? ಔಸ್ದಿ ಎಸ್ರಾ?" ಅಂದಳು ಅಜ್ಜಿ.

"ಔಸ್ದಿನೇ ಅನ್ಕೊ ಕಣವ್ವ. ಪುರದ ಕೆಲ್ಸ ಮಾಡೋರು ಅಂತ. ಹೇಳು ನೋಡನ."

"ಪವ್ರ... ಪವರ್ರು... ವೋಗ್ಲಾ. ಅಲ್ಲು ಬಿದ್ದೋಗವೆ, ತುಂಡ್ ಮಾಡಿ ಕೊಡು."

ನಾವು ನಕ್ಕೆವು. ಅಪ್ಪ ನಗಲಿಲ್ಲ. ದಿನಾ ಬೆಳಿಗ್ಗೆ ಹಾಜರಿಯ ಜೊತೆ ಅದನ್ನೂ ಹೇಳಿಸಿದ. ಕೆಲಸದವರಿಗೂ ಕಲಿಸಿದ. ಕಚೇರಿಯಲ್ಲಿ ಯಾರಾದರೂ ಹಳೆಯ ಮಾತು ಆಡಿದರೆ ನಿಂತು ತಿದ್ದುತ್ತಿದ್ದ. ಕೆಲವರು ನಿಜವಾಗಿ ತಿದ್ದಿಕೊಂಡರು, ಅದನ್ನು ಹೇಳಲೇಬೇಕು. ಆ ಮೊದಲ ವರ್ಷ ಆ ಮಾತಿಗೆ ಬಲವಿತ್ತು. ಅದನ್ನಾಡುವವರು ಬೇರೊಂದು ಮಾತನ್ನು ನಾಲಿಗೆಯ ತುದಿಯಲ್ಲಿ ತಡೆದು ಇದನ್ನು ಆರಿಸಿಕೊಳ್ಳುತ್ತಿದ್ದರು. ಆ ತಡೆಯುವುದರಲ್ಲೇ ಮರ್ಯಾದೆ ಇತ್ತು. ಅಮ್ಮನೂ ಕನ್ನಡಿಯ ಮುಂದೆ ಕೋಟಿನ ಗುಂಡಿ ಹಾಕುತ್ತ ಒಮ್ಮೊಮ್ಮೆ ಅದನ್ನು ತನಗೇ ಹೇಳಿಕೊಳ್ಳುವುದನ್ನು ನಾನು ಕೇಳಿದ್ದೇನೆ.

ಓಣಿಯ ಕೂಗನ್ನೂ ಅಪ್ಪ ನಿಲ್ಲಿಸಿದ. ಅಮ್ಮನ ಕಾಲಕ್ಕೆ ಹೊರುವುದು ಇಲ್ಲದಿದ್ದರೂ, ಚರಂಡಿ ಎತ್ತುವ ಮುಂಚೆ "ಚರಂಡಿಯೋರು ಬಂದವ್ರೆ" ಎಂದು ಕೂಗುವುದು ಉಳಿದಿತ್ತು. ಮಾತೇ ಬೇಡ, ಹೊಸ ಮಾತೂ ಬೇಡ ಎಂದು ಅಪ್ಪ ಎಲ್ಲರಿಗೂ ಒಂದೊಂದು ಸೀಟಿ ಕೊಡಿಸಿದ. ಪೊಲೀಸರು ಊದುತ್ತಾರೆ, ಡ್ರಿಲ್ ಮೇಷ್ಟ್ರು ಊದುತ್ತಾರೆ, ಕಂಡಕ್ಟರು ಊದುತ್ತಾನೆ; ಅದರಲ್ಲೇನು ಅವಮಾನ? ಒಂದು ಮಳೆಗಾಲ ಕಳೆಯುವುದರೊಳಗೆ ಅದೂ ಮುಗಿಯಿತು. ಅರಿಸಿನದ ವ್ಯಾಪಾರದವರ ಓಣಿಯಲ್ಲಿ ಒಂದು ಬೆಳಿಗ್ಗೆ ನಾನು ಅಮ್ಮನಿಗೆ ತಿಂಡಿ ಕೊಡಲು ಹೋಗಿದ್ದೆ. ಅಮ್ಮ ಸೀಟಿ ಊದಿದಳು. ಜಗುಲಿಯಲ್ಲಿ ಆಡುತ್ತಿದ್ದ ಮೂರು ವರ್ಷದ ಮಗುವೊಂದು ಎರಡು ಬೆರಳಿಂದ ಮೂಗು ಹಿಡಿದುಕೊಂಡು ಒಳಗೆ ಓಡಿತು. ಚರಂಡಿಯನ್ನು ಇನ್ನೂ ಯಾರೂ ಕೆದಕಿರಲಿಲ್ಲ, ವಾಸನೆಯೇ ಇರಲಿಲ್ಲ. ಮಗು ಮೂಗು ಮುಚ್ಚಿದ್ದು ಸದ್ದಿಗೆ. ಒಳಗಿಂದ ಅದರ ತಾಯಿ ಸಣ್ಣ ದನಿಯಲ್ಲಿ ತಿದ್ದಿದಳು:

"ಹಂಗೆಲ್ಲ ಮಾಡ್ಬಾರ್ದು ಪುಟ್ಟ. ಅವರು ಪೌರಕಾರ್ಮಿಕರು. ಹೋದ್ಮೇಲೆ ಆಚೆಗೆ ಹೋಗುವಂತೆ."

ಒಳ್ಳೆಯ ಹೆಂಗಸು. ಹಬ್ಬಕ್ಕೆ ಅಮ್ಮನಿಗೆ ಸೀರೆ ಕೊಟ್ಟವಳು. ಆದರೆ ಮಗು ಕಲಿತದ್ದು ಬರೀ ಮಾತನ್ನಲ್ಲ. ಆ ಮಾತು, ಅದನ್ನಾಡುವಾಗ ಇಳಿದ ದನಿ, ಒಳಗೆ ಎಳೆದ ಕೈ, ಮೂರನ್ನೂ ಒಟ್ಟಿಗೆ ಕಲಿಯಿತು. ಹಳೆಯ ಮಾತು ಅದಕ್ಕೆ ಗೊತ್ತೇ ಇಲ್ಲ. ಹಾಗಾಗಿ ತಾಯಿ ತಡೆದುಕೊಂಡದ್ದೂ ಅದಕ್ಕೆ ಕಾಣಲಿಲ್ಲ. ಅದರ ಪಾಲಿಗೆ ಪೌರಕಾರ್ಮಿಕರು ಎಂದರೆ, ಯಾರು ಬಂದರೆ ಮೂಗು ಮುಚ್ಚಬೇಕೋ ಅವರು. ಇಂಥ ಮಕ್ಕಳು ಹತ್ತು ವರ್ಷದವರಾಗುವ ಹೊತ್ತಿಗೆ ಊರಿಗೆ ಇನ್ನೊಂದು ಮಾತು ಬೇಕಾಗುತ್ತದೆ. ಇದನ್ನು ಹೀಗೆ ಬಿಡಿಸಿ ಹೇಳಲು ನನಗೆ ಆಗ ಬರುತ್ತಿರಲಿಲ್ಲ. ಅಮ್ಮ ಸೀಟಿಯನ್ನು ಸೆರಗಿನೊಳಗೆ ಸೇರಿಸಿಕೊಂಡದ್ದು ಮಾತ್ರ ಕಂಡಿತು.

ಹಾಗೆಂದು ನಮ್ಮ ಮನೆಯಲ್ಲಿ ಮುಚ್ಚಿ ಆಡುವ ಮಾತುಗಳೇ ಇರಲಿಲ್ಲವೆಂದಲ್ಲ. ಸಂಜೆ ಮೇಲೆ ಹಾವನ್ನು ಹಾವು ಅನ್ನುವಂತಿಲ್ಲ, ಹುಳ ಅನ್ನಬೇಕು. ದೀಪ ಆರಿಸು ಅಂದರೆ ಅಜ್ಜಿ ಬಾಯಿಗೆ ಹೊಡೆಯುತ್ತಿದ್ದಳು. ದೀಪ ದೊಡ್ಡದು ಮಾಡು ಅನ್ನಬೇಕು. ಬಳೆ ಒಡೆದರೆ ಬಳೆ ಹೆಚ್ಚಿತು. ಅಜ್ಜಿಯ ಅಜ್ಜಿಯೂ ಇವನ್ನೇ ಆಡುತ್ತಿದ್ದಳಂತೆ. ಅಷ್ಟು ತಲೆಮಾರು ಕಳೆದರೂ ಇವಕ್ಕೆ ಕಿಲುಬು ಹಿಡಿದಿಲ್ಲ. ಯಾಕೆಂದು ನಾನು ಬಹಳ ಯೋಚಿಸಿದ್ದೇನೆ. ಕತ್ತಲೆಗೆ, ಹಾವಿಗೆ, ಮುತ್ತೈದೆತನ ಹೋಗುವುದಕ್ಕೆ ಜನ ಹೆದರುತ್ತಾರೆ, ಹೀಯಾಳಿಸುವುದಿಲ್ಲ. ದೀಪ ದೊಡ್ಡದು ಮಾಡಿದವನನ್ನು ಯಾರೂ ಓಣಿಯ ಆಚೆ ನಿಲ್ಲಿಸುವುದಿಲ್ಲ. ಹೇಸಿಗೆ ಇದ್ದ ಕಡೆ ಮಾತು ಹಾಗೆ ಬಾಳುವುದಿಲ್ಲ. ನಾವು ಬಳಿಯುತ್ತಿದ್ದ ಆ ಪುಟ್ಟ ಕೋಣೆಯನ್ನೇ ನೋಡಿ. ಕಕ್ಕಸು ಅನ್ನಲು ನಾಚಿದವರು ಪಾಯಿಖಾನೆ ಅಂದರು. ಪಾಯಿ ಎಂದರೆ ಪಾರಸಿಯಲ್ಲಿ ಕಾಲು; ಅದರಲ್ಲಿದ್ದದ್ದು ಬರೀ ಕಾಲಿನ ಹೆಸರು. ಅದು ನಾತ ಹೊಡೆದಾಗ ಲೆಟ್ರಿನ್ ಅಂದರು. ಅದೂ ಸಾಲದೆ ಬಾತ್‌ರೂಮು ಅಂದರು, ಸ್ನಾನ ಮಾಡದವರೂ. ಗೋಡೆಯ ಮೇಲೆ ಶೌಚಾಲಯ ಎಂದು ಬರೆದರು. ಶೌಚ ಎಂದರೆ ಶುದ್ಧಿ. ಆ ಶುದ್ಧಿಯ ಮನೆಯನ್ನು ತೊಳೆದು ಬಂದವಳನ್ನು ಮಾತ್ರ ಬಾವಿಕಟ್ಟೆಯಿಂದ ದೂರ ನಿಲ್ಲಿಸಿದರು.

ಅಕ್ಕನ ಸ್ಕೂಲಿನಲ್ಲಿ ಆ ಮಾತು ಹೊಸ ರೂಪ ತಾಳಿತು. ಮಕ್ಕಳಿಗೆ ಉದ್ದದ ಮಾತು ಬೇಡ. "ಪೌರ" ಎಂದು ತುಂಡರಿಸಿದರು. ಅಜ್ಜಿ ಕೇಳಿದ ತುಂಡು ಅದಲ್ಲ. ಯಾರಾದರೂ ಬೆವರಿ ಬಂದರೆ ಪೌರ, ಕೊಳೆ ಲಂಗ ಹಾಕಿದರೆ ಪೌರ, ಕಸದ ಬುಟ್ಟಿ ಎತ್ತುವ ಸರದಿ ಬಂದವಳು ಪೌರ. ಅಕ್ಕ ಒಂಬತ್ತನೇ ಕ್ಲಾಸಿನಲ್ಲಿ ಮೊದಲ ಮೂವರಲ್ಲಿ ಒಬ್ಬಳು. ಅವಳನ್ನು ನೇರವಾಗಿ ಯಾರೂ ಹಾಗೆ ಕರೆಯಲಿಲ್ಲ. ಅವಳು ಇದ್ದಾಗ ಆ ಮಾತು ನಿಲ್ಲುತ್ತಿತ್ತು. ಅಷ್ಟೇ ಸಾಕಾಗಿತ್ತು. ಆಮೇಲೆ ಪೌರನೀತಿಯ ಪಾಠ ಬಂತು. ಪೌರನ ಹಕ್ಕುಗಳು, ಪೌರನ ಕರ್ತವ್ಯಗಳು. ಮೊದಲ ಸಾಲಿಗೇ ಹಿಂದಿನ ಬೆಂಚಿನಿಂದ ಕಿಸಕ್ಕೆಂದು ನಗು. ಪಾಠ ಮಾಡುವ ಮೇಡಂ ಕೆಟ್ಟವರಲ್ಲ. ಅವರು ಒಂದು ಕ್ಷಣ ಪುಸ್ತಕ ನೋಡಿದರಂತೆ, ಅಕ್ಕನ ಕಡೆ ನೋಡಿದರಂತೆ. ಆಮೇಲೆ ಪುಸ್ತಕದಲ್ಲಿ ಪೌರ ಎಂದಿದ್ದ ಕಡೆಯೆಲ್ಲ "ನಾಗರಿಕ" ಎಂದು ಓದತೊಡಗಿದರು. ಮೇಡಂ ಒಂದೊಂದು ಸಲ ನಾಗರಿಕ ಅಂದಾಗಲೂ ಇಡೀ ಕ್ಲಾಸು ತಿರುಗಿ ಅಕ್ಕನನ್ನು ನೋಡಿತು. ಮುಚ್ಚಲು ಹೊದಿಸಿದ ಬಟ್ಟೆಯೇ ಬಾವುಟವಾಯಿತು.

ಆ ಸಂಜೆ ಅಕ್ಕ ಊಟಕ್ಕೆ ಕೂರಲಿಲ್ಲ. ಅಪ್ಪ ಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿದ.

"ಪೌರ ಅಂದ್ರೆ ತಪ್ಪೇನ್ ಕಣಮ್ಮಿ? ಸಂವಿಧಾನದ ಮಾತು ಅದು. ನೀನು ಎದ್ ನಿಂತ್ಕಂಡು ಹೇಳ್ಬೇಕಾಗಿತ್ತು, ನಾನು ಪೌರಕಾರ್ಮಿಕರ ಮಗಳು ಅಂತ."

"ಹೇಳಿದ್ರೆ ಏನಾಯ್ತದೆ ಅಪ್ಪ? ನಗೋರು ಜೋರಾಗಿ ನಗ್ತಾರೆ."

"ಮಾತ್ನ ಬಳಸ್ತಾ ಬಳಸ್ತಾ ಸರಿ ಓಯ್ತದೆ."

"ಎಲ್ಲಿ ಸರಿ ಓಯ್ತು? ನೀನ್ ತಂದಾಗ ಚೆನ್ನಾಗಿತ್ತು. ಈಗ ನೋಡು. ಇನ್ನೊಂದ್ ತಂದ್ರೂ ಅಷ್ಟೇಯ. ನಾವೇ ಅಂಟುಸ್ತೀವಿ ಅದಕ್ಕೆ."

ನಾವೇ ಎಂದದ್ದು ಅಪ್ಪನಿಗೆ ಏಟಿನಂತೆ ಬಿತ್ತು. ಅಜ್ಜಿ ಮೂಲೆಯಿಂದ ಅಂದಳು:

"ನಾವಲ್ಲ ಕಣ್ಕೂಸೆ. ಅವ್ರು ಮೂಗು ಮುಚ್ಕಂಡು ಎಸ್ರು ಏಳ್ತರೆ, ಅದ್ಕೆ ಎಸ್ರೂ ನಾರ್ತದೆ. ರಾಚ, ಕಾಡಿಂದ ದಿವ್ಸಕ್ಕೊಂದ್ ಊವ ತಂದು ಅದೇ ಚರಂಡೀಲಿ ಮಡುಗ್ದಂಗಾಯ್ತು ನಿಂದು. ಊವದ್ ತಪ್ಪೇನ್ಲಾ?"

ಅಪ್ಪ ನಿಲ್ಲಿಸಿದ್ದ ಕೈಯನ್ನು ಮತ್ತೆ ಮುದ್ದೆಗೆ ಹಾಕಿದ. ಅಕ್ಕ ಒಂಬತ್ತನೇ ಕ್ಲಾಸಿನ ಪರೀಕ್ಷೆ ಹೇಗೋ ಮುಗಿಸಿದಳು. ಮೇ ತಿಂಗಳಲ್ಲಿ ಸಣ್ಣತ್ತೆಯಿಂದ ಸುದ್ದಿ ಬಂತು: ಜಯ ತಮ್ಮಲ್ಲಿ ಇರಲಿ, ಅಲ್ಲಿಯ ಹೈಸ್ಕೂಲಿಗೆ ಸೇರಲಿ. ಸಣ್ಣತ್ತೆ ಅಪ್ಪನ ತಂಗಿ. ಅವಳ ಗಂಡ ಒಂದು ಬ್ಯಾಂಕಿನಲ್ಲಿ ಜವಾನ. ಬೀದಿಯಲ್ಲಿ ಎಲ್ಲ ಜಾತಿಯವರೂ ಇದ್ದರು, ಇವರ ಜಾತಿ ಎಲ್ಲರಿಗೂ ಗೊತ್ತಿತ್ತು, ಆದರೂ ಬಾಡಿಗೆಗೆ ಮನೆ ಸಿಕ್ಕಿತ್ತು. ಮುಚ್ಚಬೇಕಾದ್ದು ಜಾತಿಯಲ್ಲ, ಕೆಲಸ. ಒಂದೇ ಒಂದು ಮಾತು ನಡೆಸಿಕೊಡಿ ಎಂದು ಅತ್ತೆ ಹೇಳಿಕಳಿಸಿದ್ದಳು: ಅಣ್ಣ ಅತ್ತಿಗೆ ಏನು ಮಾಡುತ್ತಾರೆಂದು ಕೇಳಿದರೆ "ಆಫೀಸು" ಎಂದರೆ ಸಾಕು. ಅಪ್ಪ ಅದನ್ನು ಒಪ್ಪಿದ್ದು ನನಗೆ ಇಂದಿಗೂ ಆಶ್ಚರ್ಯ. ತಾನೇ ತಂದ ಮಾತನ್ನು ಮನೆಯಿಂದ ಹೊರಗೆ ಹಾಕುವಾಗ ಅವನು ಜೋರು ಮಾಡಲಿಲ್ಲ, ನಮ್ಮನ್ನು ಸಾಲಾಗಿ ನಿಲ್ಲಿಸಲೂ ಇಲ್ಲ. ಒಂದು ಬೆಳಿಗ್ಗೆ ಹಾಜರಿಯಲ್ಲಿ ಆ ಮಾತನ್ನು ಹೇಳಿಸುವುದನ್ನು ಬಿಟ್ಟ, ಅಷ್ಟೆ.

ಆ ಸೋಮವಾರ ಅಮ್ಮ, ಅಕ್ಕ, ನಾನು ಎಂಟೂವರೆಯ ಬಸ್ಸಿಗೆ ಹೊರಟೆವು. ಅಪ್ಪ ಬರಲಿಲ್ಲ, ಕೆಲಸದವರಿಗೆ ಹಂಚಿಕೊಟ್ಟ ಬೀದಿಗಳು, ಅವನ ಮಾತಿನಲ್ಲಿ ಬೀಟುಗಳು, ಕಾಯುತ್ತಿದ್ದವು. ತೆರಕಣಾಂಬಿ ದಾಟುವವರೆಗೂ ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ ಅಮ್ಮ ಮೆಲ್ಲಗೆ ಅವಳ ಜಡೆಯ ರಿಬ್ಬನ್ನು ಬಿಚ್ಚಿ ಮತ್ತೆ ಕಟ್ಟಿದಳು.

"ಆಫೀಸು ಅಂದ್ರೆ ಯಾವ್ ಆಫೀಸು ಅಂತ ಕೇಳ್ತಾರೆ ಕಣವ್ವ," ಅಂದಳು ಅಕ್ಕ.

"ಸರ್ಕಾರದ್ದು ಅನ್ನು."

"ಏನ್ ಕೆಲ್ಸ ಅಂದ್ರೆ?"

ಅಮ್ಮ ರಿಬ್ಬನ್ನಿನ ಗಂಟು ಬಿಗಿದಳು. "ಅಷ್ಟೊಂದ್ ಕೇಳಕ್ಕಿಲ್ಲ ಬುಡು. ಕೇಳ್ದೋರಿಗೆ ಕಾಪಿ ಕುಡೀರಿ ಅನ್ನು."

ಅಕ್ಕ ನಕ್ಕಳು. ಆ ಬೇಸಿಗೆಯಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸಣ್ಣತ್ತೆಯ ಮನೆಯ ಮುಂದೆ ಎರಡು ಮೆಟ್ಟಿಲು, ಬಾಗಿಲಲ್ಲಿ ರಂಗೋಲಿ. ಅತ್ತೆ ನೀರು ತರಲು ಒಳಗೆ ಹೋಗಿದ್ದಳು. ಅಕ್ಕ ಟ್ರಂಕನ್ನು ಒಳಗಿಟ್ಟು ಬಾಗಿಲಿಗೆ ಬಂದು ನಿಂತಿದ್ದಳು. ಅಮ್ಮ ಇನ್ನೂ ಬೀದಿಯಲ್ಲೇ, ಕಾಲಿನ ಧೂಳು ಕೊಡವುತ್ತಿದ್ದಳು. ಆಗ ಪಕ್ಕದ ಮನೆಯ ಗಿರಿಜಮ್ಮ ಗೋಡೆಯ ಮೇಲಿಂದ ಇಣುಕಿದರು. ನಗುಮುಖ, ಹಣೆಯಲ್ಲಿ ವಿಭೂತಿ. ಅವರ ಮಗಳೂ ಹತ್ತನೇ ಕ್ಲಾಸಂತೆ, ಇಬ್ಬರೂ ಜೊತೆಗೆ ಹೋಗಿ ಬರಬಹುದು, ಜೊತೆಗೆ ಓದಬಹುದು ಎಂದು ಸಂತೋಷದಿಂದ ಹೇಳಿದರು. ಅಕ್ಕನ ಮುಖ ಅರಳಿತು. ಗಿರಿಜಮ್ಮ ಅಮ್ಮನ ಕಡೆ ತಿರುಗಿದರು. ಅಮ್ಮನ ಅಂಗೈ ನೋಡಿದರೋ, ಒಡೆದ ಹಿಮ್ಮಡಿ ನೋಡಿದರೋ, ಚರಂಡಿಯ ನೀರಿನಲ್ಲಿ ತಿಂದುಹೋದ ಉಗುರು ನೋಡಿದರೋ ಗೊತ್ತಿಲ್ಲ.

"ಇವರು ಯಾರು ಮಗು?"

ಅಕ್ಕ ಬಾಯಿ ತೆರೆದಳು. "ನಮ್ಮ..." ಎಂದು ನಿಂತಳು. ಆಫೀಸಿನಲ್ಲಿ ಕೆಲಸ ಮಾಡುವವರ ಕೈ ಅದಲ್ಲ. ತಾಯಿ ಎಂದರೆ ಆಫೀಸು ಸುಳ್ಳಾಗುತ್ತಿತ್ತು; ಆಫೀಸು ನಿಜವಾಗಬೇಕಾದರೆ ಇವಳು ತಾಯಿಯಾಗುವಂತಿರಲಿಲ್ಲ. "ನಮ್ಮ ಮನೆಯೋರು" ಎಂದಳು ಕೊನೆಗೆ.

"ಮನೆಯೋರು ಅಂದ್ರೆ?"

ಅಕ್ಕನಿಗಿಂತ ಮುಂಚೆ ಅಮ್ಮ ಉತ್ತರ ಕೊಟ್ಟಳು, ಹಾಜರಿಗೆ ಕೂಗುವಷ್ಟೇ ಚುರುಕಾಗಿ.

"ಮನೆ ಕೆಲ್ಸದೋಳು ಕಣ್ರವ್ವ. ಕೂಸ ಬುಟ್ಬುಟ್ಟು ಓಗದಿಕ್ಕೆ ಬಂದೆ."

ನಾನು ಅಮ್ಮನ ಸೀರೆ ಹಿಡಿದುಕೊಂಡಿದ್ದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿ, ನನ್ನನ್ನು ಮೆಟ್ಟಿಲ ಮೇಲಕ್ಕೆ, ಅಕ್ಕನ ಕಡೆಗೆ ದಬ್ಬಿದಳು. ಗಿರಿಜಮ್ಮನ ಮುಖದಲ್ಲಿ ನಿಜವಾದ ಕರುಣೆ ಮೂಡಿತು.

"ಕೆಲಸದವಳು ಅಂತ ಹೇಳ್ಕೋಬಾರದಮ್ಮ. ನಮ್ಮನೇಲೂ ಒಬ್ಬಳಿದ್ದಾಳೆ. ನಾವು ಹಂಗನ್ನೋದೇ ಇಲ್ಲ, ನಮ್ಮ ಹುಡುಗಿ ಅಂತೀವಿ. ಕೂತ್ಕೊ, ದಣಿದಿದ್ದೀಯ."

ಅಮ್ಮ ಬೀದಿಯ ಕಡೆಯ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಆಮೇಲೆ ಅತ್ತೆ ಪಿಸುದನಿಯಲ್ಲಿ ಎಷ್ಟು ಕರೆದರೂ ಒಳಗೆ ಹೋಗಲಿಲ್ಲ. ಗಿರಿಜಮ್ಮ ಗೋಡೆಯ ಮೇಲೆ ಮೊರ ಇಟ್ಟು ಅಕ್ಕಿ ಆರಿಸುತ್ತ ಅಲ್ಲೇ ನಿಂತಿದ್ದರು. ಊಟವನ್ನು ಮೆಟ್ಟಿಲ ಮೇಲೇ ಮಾಡಿದಳು. ಅಕ್ಕ ಒಳಗೆ ಅತ್ತೆಯ ಜೊತೆ ಕೂತು ಉಣ್ಣಬೇಕಾಯಿತು. ಉಂಡಳೋ ಇಲ್ಲವೋ, ನಾನು ತಟ್ಟೆ ನೋಡಲಿಲ್ಲ. ಹೊರಡುವಾಗ ಅಮ್ಮ ಬೀದಿಯಿಂದಲೇ ಅಂದಳು:

"ಬತ್ತೀನಿ ಕಣ್ರವ್ವ. ಚೆನ್ನಾಗ್ ಓದ್ಕಳ್ಳಿ."

ಮಗಳಿಗೆ ಬಹುವಚನ. ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು "ಹೂಂ" ಎಂದಳು. ಅವ್ವ ಎಂದು ಕರೆಯಲಿಲ್ಲ. ಅವಳು ಓದಿದಳು, ಟಿ.ಸಿ.ಎಚ್. ಮಾಡಿದಳು, ಮೇಡಂ ಆದಳು. ಅಮ್ಮ ಮತ್ತೆ ಆ ಬೀದಿಗೆ ಹೋಗಲಿಲ್ಲ. ರಜೆಗೆ ಊರಿಗೆ ಬಂದಾಗ ಅಕ್ಕ ಏನು ಬೇಕಾದರೂ ನೇರವಾಗಿ ಕೇಳುತ್ತಿದ್ದಳು, ಅಮ್ಮನನ್ನು ಏನೆಂದೂ ಕರೆಯದೆ: ಕಾಫಿ ಇದೆಯಾ, ಬಿಸಿನೀರು ಆಯ್ತಾ. ಅಮ್ಮ ಸಾಯುವವರೆಗೂ ಹಾಗೇ ನಡೆಯಿತು. ತೋಟಿಯಿಂದ ಹೊರಟ ಹೆಸರು ಎಲ್ಲಿಗೆ ಬಂದು ನಿಂತಿತು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ.

ಊರಿಗೆ ಮರಳಿದಾಗ ಸಂಜೆ ಐದು ದಾಟಿತ್ತು. ಅಪ್ಪ ಬಾಗಿಲಲ್ಲೇ ನಿಂತಿದ್ದ.

"ಏನಂದ್ರು?"

"ಚೆನ್ನಾಗವ್ರೆ. ಒಳ್ಳೇ ನೆರೆ."

"ಆಫೀಸು ಅಂದ್ರಾ?"

"ಅಂದೋ."

ಅಪ್ಪ ಇನ್ನೇನೋ ಕೇಳುವವನಿದ್ದ. ಅಮ್ಮ ಸೀರೆ ಬದಲಾಯಿಸಲು ಒಳಗೆ ಹೋದಳು. ಬೀಟು ಯಾರದೋ ಅವರೇ ಮುಗಿಸಬೇಕು, ಮೇಸ್ತ್ರಿಯ ಹೆಂಡತಿಗೂ ವಿನಾಯಿತಿಯಿಲ್ಲ ಎನ್ನುವುದು ಅಪ್ಪನದೇ ಕಟ್ಟಳೆ. ಆವತ್ತಿನ ಅವಳ ಪಾಲು ಹಾಗೇ ಬಾಕಿಯಿತ್ತು: ಮಾರ್ಕೆಟ್ಟಿನ ಹಿಂದಿನ ಚರಂಡಿ. ನೀಲಿ ಕೋಟು ಹಾಕಿ, ಸಲಿಕೆ ಬಾಂಡ್ಲಿ ಹಿಡಿದು ಹೊರಟಳು. ನಾನೂ ಹಿಂದೆ ಹೋದೆ.

ಅವಳು ಕೂಗಲಿಲ್ಲ, ಸೀಟಿ ಊದಲಿಲ್ಲ. ಕಲ್ಲು ಎತ್ತಿಟ್ಟು ಕೆಸರನ್ನು ಬಾಂಡ್ಲಿಗೆ ತುಂಬತೊಡಗಿದಳು. ನಾನು ಬಾಂಡ್ಲಿ ಹಿಡಿಯಲು ಹೋದರೆ "ಮುಟ್ಬ್ಯಾಡ ಕಣಮ್ಮಿ, ಅಲ್ಲೇ ನಿಂತ್ಕೊ" ಎಂದಳು. ಸಂತೆಚೀಲ ಹಿಡಿದ ಒಬ್ಬ ಹೆಂಗಸು ಮಗನನ್ನು ಪಕ್ಕಕ್ಕೆ ಎಳೆದುಕೊಂಡು, "ಈ ಕಡೆ ಬಾರೋ, ಅವರು ಕೆಲಸ ಮಾಡ್ತಾವ್ರೆ" ಎನ್ನುತ್ತ ದಾಟಿಹೋದಳು. ಅವರು ಎಂದಷ್ಟೇ. ಮಗುವಿಗೆ ಅರ್ಥವಾಯಿತು, ಅದು ಮೂಗು ಹಿಡಿದುಕೊಂಡಿತು.

ಅಮ್ಮ ತಲೆ ಎತ್ತಲಿಲ್ಲ. ಕೊನೆಯ ಬಾಂಡ್ಲಿಯನ್ನು ಗಾಡಿಗೆ ಸುರಿದು, ಎರಡು ಕೊಡ ನೀರು ಹೊಯ್ದು, ನೀರು ತಡೆಯಿಲ್ಲದೆ ಹರಿಯುವುದನ್ನು ನಿಂತು ನೋಡಿ, ಕಲ್ಲುಗಳನ್ನು ಒಂದೊಂದಾಗಿ ಮತ್ತೆ ಮುಚ್ಚಿದಳು.